ಸಾಮಾನು ಎತ್ತೋದಕ್ಕಿಂತ ನಡೆಯೋದೇ ಹೆಚ್ಚು: ಗೋದಾಮಿನ ಪಟ್ಟಿಯನ್ನು ಓಣಿ ಪ್ರಕಾರ ಜೋಡಿಸಿದರೆ ಏನಾಗುತ್ತದೆ?

ರಾಯಾಪುರ: ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸಿನಲ್ಲಿ ಹೋಗುವವರಿಗೆ ರಾಯಾಪುರ ಅಂದರೆ ಇಸ್ಕಾನ್ ಮಂದಿರ, ಅದರಾಚೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಇಂಥ ಶೆಡ್ಡಿನ ಗೋದಾಮಿನೊಳಗೆ ಕಿರಾಣಿ ಅಂಗಡಿಗೆ ಹೋಗುವ ಸಾಮಾನನ್ನು ರ‍್ಯಾಕುಗಳಿಂದ ಆರಿಸಿ ತಂದು ಕೊಡುವವರಿಗೆ ಪಿಕರ್ ಅಂತಾರೆ. ಕೈಯಲ್ಲಿ ಒಂದು ಪಟ್ಟಿ, ಮುಂದೆ ಒಂದು ಟ್ರಾಲಿ. ಪಟ್ಟಿಯಲ್ಲಿ ಬರೆದ ಸಾಮಾನನ್ನು ಒಂದೊಂದಾಗಿ ತೆಗೆದು ಪ್ಯಾಕಿಂಗ್ ಟೇಬಲ್ಲಿಗೆ ಮುಟ್ಟಿಸಿದರೆ ಒಂದು ಆರ್ಡರ್ ಮುಗಿಯಿತು. ನೋಡಲು ಇದು ಎತ್ತುವ ಕೆಲಸ. ಶಿಫ್ಟ್ ಮುಗಿಸಿ ಮನೆಗೆ ಬಂದವರ ಕಾಲನ್ನು ಕೇಳಿದರೆ ಮಾತ್ರ ಅದು ನಡೆಯುವ ಕೆಲಸ ಅಂತ ಗೊತ್ತಾಗುತ್ತದೆ.

ಆ ನಡಿಗೆ ಎಷ್ಟು ಅನ್ನೋದನ್ನು ಬಹುತೇಕ ಪಟ್ಟಿಯೇ ತೀರ್ಮಾನಿಸುತ್ತದೆ. ಅದೇ ಎಂಟು ಸಾಮಾನು, ಅದೇ ಗೋದಾಮು, ಅದೇ ಮನುಷ್ಯ. ಪಟ್ಟಿಯ ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೆ ಸಾಕು, ನಡಿಗೆ ಅರ್ಧಕ್ಕೆ ಇಳಿಯಬಹುದು. ಇದಕ್ಕೆ ದೊಡ್ಡ ಕಂಪನಿಯ ಸಾಫ್ಟ್‌ವೇರ್ ಬೇಕು ಅಂತೇನಿಲ್ಲ. ತಾಲ್ಲೂಕಿನ ಒಬ್ಬ ಸಗಟು ವ್ಯಾಪಾರಿಯ ಗೋದಾಮಿಗೂ ಇದೇ ಲೆಕ್ಕ ಹೊಂದುತ್ತದೆ.

ಬಿಲ್ ಪ್ರಕಾರ ನಡೆದರೆ

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಗೋದಾಮಿನಲ್ಲಿ ರ‍್ಯಾಕುಗಳ ನಡುವೆ ಆರು ಓಣಿಗಳಿವೆ (ಕಂಪನಿ ಗೋದಾಮುಗಳಲ್ಲಿ ಇವಕ್ಕೆ ಐಲ್ ಅಂತಾರೆ). ಒಂದೊಂದು ಓಣಿ 22 ಮೀಟರ್ ಉದ್ದ. ಒಂದು ಓಣಿಯಿಂದ ಪಕ್ಕದ ಓಣಿಗೆ 3 ಮೀಟರ್. ಓಣಿಗಳ ಮುಂದೆ ಒಂದು ಅಡ್ಡದಾರಿ, ಹಿಂದೆ ಒಂದು ಅಡ್ಡದಾರಿ. ಪ್ಯಾಕಿಂಗ್ ಟೇಬಲ್ ಇರುವುದು ಒಂದನೇ ಓಣಿಯ ಬಾಯಲ್ಲಿ. ಪ್ರತಿ ಓಣಿಯಲ್ಲಿ ಹತ್ತು ಖಾನೆ, ಎರಡೆರಡು ಮೀಟರಿಗೆ ಒಂದು. ಹೀಗಾಗಿ 4-03 ಅಂದರೆ ನಾಲ್ಕನೇ ಓಣಿಯ ಮೂರನೇ ಖಾನೆ, ಅಂದರೆ ಮುಂಬದಿಯಿಂದ 6 ಮೀಟರ್ ಒಳಗೆ.

ಅಂಗಡಿಯವರು ಫೋನಿನಲ್ಲಿ ಹೇಳಿದ ಕ್ರಮದಲ್ಲೇ ಬಿಲ್ ಆಯಿತು, ಬಿಲ್ಲಿನ ಪ್ರತಿಯೇ ಪಿಕರ್ ಕೈಗೆ ಬಂತು ಅಂದುಕೊಳ್ಳಿ:

ಬಟ್ಟೆ ಸೋಪು – 4-03
ಟೂತ್‌ಪೇಸ್ಟ್ – 1-08
ಚಹಾಪುಡಿ – 5-09
ಬಿಸ್ಕಿಟ್ – 2-02
ಅಗರಬತ್ತಿ – 4-07
ಶಾಂಪೂ – 1-03
ಉಪ್ಪು – 5-02
ಕಡ್ಡಿಪೆಟ್ಟಿಗೆ – 2-09

ಮೇಲಿನಿಂದ ಕೆಳಕ್ಕೆ ಇದೇ ಕ್ರಮದಲ್ಲಿ ಹೋದರೆ ಟೇಬಲ್ಲಿನಿಂದ ಸೋಪಿನ ಖಾನೆಗೆ 15 ಮೀಟರ್. ಅಲ್ಲಿಂದ ಟೂತ್‌ಪೇಸ್ಟಿಗೆ ಮೂರು ಓಣಿ ದಾಟಿ ವಾಪಸ್ 31 ಮೀಟರ್. ಅಲ್ಲಿಂದ ಚಹಾಪುಡಿಗೆ ಮತ್ತೆ ಆ ಕಡೆ 22 ಮೀಟರ್. ಬಿಸ್ಕಿಟ್ಟಿಗೆ ಈ ಕಡೆ 31. ಹೀಗೆ ಎಂಟೂ ಸಾಮಾನು ತೆಗೆದುಕೊಂಡು ಟೇಬಲ್ಲಿಗೆ ಬರುವ ಹೊತ್ತಿಗೆ 226 ಮೀಟರ್ ಆಗಿರುತ್ತದೆ. ಒಂದು, ಎರಡು, ನಾಲ್ಕು, ಐದನೇ ಓಣಿಗಳಿಗೆ ಎರಡೆರಡು ಸಲ ಹೋಗಿದ್ದಾನೆ. ಶಾಂಪೂ ಇರುವ ಓಣಿಗೆ ಟೂತ್‌ಪೇಸ್ಟಿಗಾಗಿ ಆಗಲೇ ಹೋಗಿದ್ದ. ಆದರೆ ಪಟ್ಟಿಯಲ್ಲಿ ಶಾಂಪೂ ಇನ್ನೂ ನಾಲ್ಕು ಸಾಲು ಕೆಳಗಿತ್ತು.

ಹಳಬರು ಹೀಗೆ ನಡೆಯೋದಿಲ್ಲ, ಅದೂ ನಿಜ. ಎರಡು ವರ್ಷ ಕೆಲಸ ಮಾಡಿದವರು ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ, ತಲೆಯಲ್ಲೇ ಓಣಿ ಜೋಡಿಸಿಕೊಂಡು ಹೊರಡುತ್ತಾರೆ. ಪೆನ್ನಿನಿಂದ ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಬರೆದುಕೊಳ್ಳುವವರೂ ಇದ್ದಾರೆ. ತೊಂದರೆ ಇರುವುದು ಹೊಸಬರಿಗೆ, ಮತ್ತು ಪಟ್ಟಿ ಎಂಟು ಸಾಲಿನಿಂದ ಮೂವತ್ತು ಸಾಲಿಗೆ ಹೋದಾಗ ಎಲ್ಲರಿಗೂ. ತಲೆಯಲ್ಲಿ ಜೋಡಿಸಿಕೊಂಡು ಹೋದವರು ನಡುವೆ ಒಂದು ಸಾಲು ಬಿಟ್ಟುಬಿಡುವ ಸಂಭವವೂ ಹೆಚ್ಚು. ಆ ಬಿಟ್ಟ ಸಾಲು ಗೊತ್ತಾಗೋದು ಅಂಗಡಿಯಲ್ಲಿ ಡಬ್ಬಿ ಬಿಚ್ಚಿದಾಗ.

ಹಾವಿನ ಹಾಗೆ ಹೋಗಿ ಬರುವುದು

ಮೊದಲು ಯಾರಿಗೂ ಹೊಳೆಯುವ ಉಪಾಯ ಅಂದರೆ ಖಾನೆ ನಂಬರಿನ ಪ್ರಕಾರ ಪಟ್ಟಿ ಜೋಡಿಸೋದು. 1-03, 1-08, 2-02, 2-09, ಹೀಗೆ. ಹಾಗೆ ಮಾಡಿದರೆ ನಡಿಗೆ 226ರಿಂದ 152 ಮೀಟರಿಗೆ ಇಳಿಯುತ್ತದೆ. ಲಾಭ ದೊಡ್ಡದೇ. ಆದರೆ ಪಿಕರ್ ಒಂದನೇ ಓಣಿಯ ಎಂಟನೇ ಖಾನೆಯವರೆಗೆ ಒಳಗೆ ಹೋಗಿರುತ್ತಾನೆ, ಮುಂದಿನ ಸಾಲು ಅವನನ್ನು ಎರಡನೇ ಓಣಿಯ ಬಾಯಿಗೆ, ಅಂದರೆ ಎರಡನೇ ಖಾನೆಗೆ ಕರೆಯುತ್ತದೆ. ಖಾಲಿ ಕೈಯಲ್ಲಿ ವಾಪಸ್ ಬರಬೇಕು. ಪ್ರತಿ ಓಣಿಗೂ ಇದೇ ಕಥೆ.

ಹೊಲದಲ್ಲಿ ಎತ್ತು ಹೂಡುವವರು ಒಂದು ಸಾಲು ಹೊಡೆದ ಮೇಲೆ ಖಾಲಿ ನೇಗಿಲು ಹಿಡಿದು ಮತ್ತೆ ಶುರುವಿನ ಬದುವಿಗೆ ಬರೋದಿಲ್ಲ. ಅಲ್ಲೇ ತಿರುಗಿಸಿ ಪಕ್ಕದ ಸಾಲು ಹಿಡಿಯುತ್ತಾರೆ. ಗೋದಾಮಿನಲ್ಲೂ ಹಾಗೇ. ಮೊದಲ ಓಣಿಯಲ್ಲಿ ಮುಂದಿನಿಂದ ಹಿಂದಕ್ಕೆ, ಹಿಂದಿನ ಅಡ್ಡದಾರಿಯಲ್ಲಿ ತಿರುಗಿ ಎರಡನೆಯದರಲ್ಲಿ ಹಿಂದಿನಿಂದ ಮುಂದಕ್ಕೆ. ಈ ನಡಿಗೆ ಇಂಗ್ಲಿಷಿನ ಎಸ್ ಅಕ್ಷರದಂತೆ ಕಾಣುವುದರಿಂದ ಈ ಕೆಲಸದವರು ಇದನ್ನು ಎಸ್-ಶೇಪ್ ಅಂತಾರೆ. ಪಟ್ಟಿ ಆಗ ಹೀಗಾಗುತ್ತದೆ: ಶಾಂಪೂ 1-03, ಟೂತ್‌ಪೇಸ್ಟ್ 1-08, ಕಡ್ಡಿಪೆಟ್ಟಿಗೆ 2-09, ಬಿಸ್ಕಿಟ್ 2-02, ಸೋಪು 4-03, ಅಗರಬತ್ತಿ 4-07, ಚಹಾಪುಡಿ 5-09, ಉಪ್ಪು 5-02.

ಲೆಕ್ಕ ಸುಲಭ. ನಾಲ್ಕು ಓಣಿ ಪೂರ್ತಿ ನಡೆದರೆ 88 ಮೀಟರ್. ಅಡ್ಡದಾರಿಗಳಲ್ಲಿ ಐದನೇ ಓಣಿಯವರೆಗೆ ಹೋಗಲು 12, ವಾಪಸ್ ಬರಲು 12. ಒಟ್ಟು 112 ಮೀಟರ್. ಬಿಲ್ ಪ್ರಕಾರ ನಡೆದ 226ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ.

ಎಂಟು ತಾಸಿನ ಶಿಫ್ಟಿನಲ್ಲಿ ಇಂಥ 50 ಸುತ್ತು ಹಾಕುವವರಿಗೆ ಇದು 11.3 ಕಿಲೋಮೀಟರ್ ಬದಲು 5.6 ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಆ ದಾರಿಯ ಅರ್ಧಕ್ಕಿಂತ ಹೆಚ್ಚನ್ನು ದಿನಾಲೂ ಟ್ರಾಲಿ ತಳ್ಳುತ್ತ ಮುಗಿಸುತ್ತಿದ್ದವರು ಕಾಲುಭಾಗದಷ್ಟಕ್ಕೇ ಕೆಲಸ ಮುಗಿಸುತ್ತಾರೆ. ಟ್ರಾಲಿ ತಳ್ಳುತ್ತ ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತಾರೆ ಅಂತ ಹಿಡಿದರೆ ಶಿಫ್ಟಿಗೆ ಒಂದೂವರೆ ತಾಸಿಗಿಂತ ಹೆಚ್ಚು ಉಳಿಯುತ್ತದೆ.

ಖಾಲಿ ಓಣಿ ಬಂದಾಗ ಆಗುವ ತಪ್ಪು

ಇಲ್ಲೊಂದು ಸಣ್ಣ ತಪ್ಪು ನುಸುಳುತ್ತದೆ. ಎಸ್ ಆಕಾರವನ್ನು ಪಟ್ಟಿಗೆ ಹಾಕುವಾಗ ಕೆಲವರು ಬೆಸ ಸಂಖ್ಯೆಯ ಓಣಿಗಳಲ್ಲಿ ಒಳಕ್ಕೆ, ಸಮ ಸಂಖ್ಯೆಯವುಗಳಲ್ಲಿ ಹೊರಕ್ಕೆ ಅಂತ ನಿಯಮ ಮಾಡಿ ಓಣಿಯ ಬಾಯಲ್ಲಿ ಬಾಣದ ಗುರುತೂ ಬರೆದುಬಿಡುತ್ತಾರೆ. ಮೇಲಿನ ಆರ್ಡರಿನಲ್ಲಿ ಮೂರನೇ ಓಣಿಯ ಸಾಮಾನೇ ಇಲ್ಲ. ಎರಡನೇ ಓಣಿಯಿಂದ ಹೊರಗೆ ಬಂದ ಪಿಕರ್ ಮುಂಬದಿಯಲ್ಲಿದ್ದಾನೆ. ಪಟ್ಟಿ ಅವನಿಗೆ ನಾಲ್ಕನೇ ಓಣಿ ಸಮ ಸಂಖ್ಯೆ, ಮೊದಲು 4-07 ತೆಗೆ, ಆಮೇಲೆ 4-03 ಅನ್ನುತ್ತದೆ. ಅವನು ಮೂರನೇ ಖಾನೆಯನ್ನು ದಾಟಿ ಏಳನೆಯದಕ್ಕೆ ಹೋಗಿ, ಮತ್ತೆ ಮೂರಕ್ಕೆ ಬರುತ್ತಾನೆ. ಐದನೆಯದರಲ್ಲೂ ದಿಕ್ಕು ತಪ್ಪಿ, ಕೊನೆಗೆ ಚಹಾಪುಡಿಯ ಖಾನೆಯಿಂದ 30 ಮೀಟರ್ ಖಾಲಿ ನಡೆದು ಟೇಬಲ್ಲಿಗೆ ಬರುತ್ತಾನೆ. ಒಟ್ಟು 132 ಮೀಟರ್, ಅಂದರೆ 20 ಮೀಟರ್ ದಂಡ.

ಹಾಗಾಗಿ ದಿಕ್ಕನ್ನು ಓಣಿಯ ನಂಬರ್ ನೋಡಿ ಅಲ್ಲ, ಈ ಆರ್ಡರಿನಲ್ಲಿ ಹೋಗಬೇಕಾದ ಓಣಿಗಳಲ್ಲಿ ಅದು ಎಷ್ಟನೆಯದು ಅಂತ ನೋಡಿ ತೀರ್ಮಾನಿಸಬೇಕು. ನಾಲ್ಕನೇ ಓಣಿ ಇಲ್ಲಿ ಮೂರನೆಯದು. ಅದಕ್ಕೇ ಅದರಲ್ಲಿ ಒಳಕ್ಕೆ ನಡೆಯಬೇಕು.

ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಪಟ್ಟಿಯನ್ನು ಎಕ್ಸೆಲ್ಲಿಗೆ ತೆಗೆದುಕೊಳ್ಳುವ ಅಂಗಡಿಗಳಲ್ಲಿ ಎರಡು ಸೂತ್ರ ಹಾಕಿದರೆ ಈ ಕೆಲಸ ತಾನಾಗಿ ಆಗುತ್ತದೆ. A ಕಾಲಮ್ಮಿನಲ್ಲಿ ಸಾಮಾನು, B ಕಾಲಮ್ಮಿನಲ್ಲಿ ಓಣಿ, C ಕಾಲಮ್ಮಿನಲ್ಲಿ ಖಾನೆ ಇರಲಿ. ಎಂಟು ಸಾಲಿನ ಪಟ್ಟಿಗೆ D2 ಮತ್ತು E2ರಲ್ಲಿ ಕ್ರಮವಾಗಿ ಇವನ್ನು ಬರೆದು ಕೆಳಗಿನ ಸಾಲುಗಳಿಗೆ ಎಳೆಯಬೇಕು:

```
=SUMPRODUCT((B$2:B$9<B2)/COUNTIF(B$2:B$9,B$2:B$9))+1
=IF(ISODD(D2),D2*100+C2,D2*100+100-C2)
```

ಮೊದಲ ಸೂತ್ರ ಆ ಓಣಿ ಈ ಪಟ್ಟಿಯಲ್ಲಿ ಎಷ್ಟನೆಯದು ಅಂತ ಹೇಳುತ್ತದೆ. ಎರಡನೆಯದು ದಿಕ್ಕು ನೋಡಿ ಒಂದು ಸಂಖ್ಯೆ ಕೊಡುತ್ತದೆ. E ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಪಟ್ಟಿ ಸಿದ್ಧ. ಸಾಲುಗಳು ಹೆಚ್ಚಿದ್ದರೆ 9ರ ಜಾಗದಲ್ಲಿ ಕೊನೆಯ ಸಾಲಿನ ನಂಬರ್ ಹಾಕಬೇಕು. ಓಣಿ ಮತ್ತು ಖಾನೆಯನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಇಡಲು ಕಾರಣವಿದೆ. ಒಂದೇ ಕಡೆ 1-2, 1-10 ಅಂತ ಬರೆದರೆ ಕಂಪ್ಯೂಟರ್ ಅದನ್ನು ಅಕ್ಷರವೆಂದು ತಿಳಿದು 10ನ್ನು 2ಕ್ಕಿಂತ ಮೊದಲು ಇಡುತ್ತದೆ. ಕೆಲವೊಮ್ಮೆ ತಾರೀಖು ಅಂತಲೂ ತಿಳಿದುಕೊಂಡುಬಿಡುತ್ತದೆ. ರ‍್ಯಾಕಿನ ಚೀಟಿಯಲ್ಲಿ ಮಾತ್ರ 02, 03 ಅಂತ ಸೊನ್ನೆ ಸೇರಿಸಿ ಬರೆದರೆ ಓದುವವರಿಗೆ ಗೊಂದಲ ಆಗೋದಿಲ್ಲ.

ಕಂಪ್ಯೂಟರ್ ಇಲ್ಲದವರಿಗೆ ಇನ್ನೂ ಸರಳ ದಾರಿಯಿದೆ. ಓಣಿಯ ಕ್ರಮದಲ್ಲೇ ಎಲ್ಲ ಸಾಮಾನಿನ ಹೆಸರು ಅಚ್ಚು ಹಾಕಿಸಿದ ಹಾಳೆ ಇಟ್ಟುಕೊಂಡು, ಫೋನಿನಲ್ಲಿ ಆರ್ಡರ್ ಬಂದಾಗ ಹೆಸರಿನ ಮುಂದೆ ಸಂಖ್ಯೆ ಬರೆಯೋದು. ಅಂಗಡಿಯವರು ಯಾವ ಕ್ರಮದಲ್ಲಿ ಹೇಳಿದರೂ ಹಾಳೆಯ ಕ್ರಮ ಬದಲಾಗೋದಿಲ್ಲ.

ಇನ್ನೂ ಕಡಿಮೆ ಮಾಡಬಹುದೇ?

ಮಾಡಬಹುದು. ಇದೇ ಆರ್ಡರಿಗೆ 106 ಮೀಟರಿನ ಒಂದು ದಾರಿಯಿದೆ. ಒಂದನೇ ಓಣಿ ಪೂರ್ತಿ ನಡೆದು, ಹಿಂದಿನಿಂದ ಎರಡನೆಯದಕ್ಕೆ ಇಣುಕಿ ಕಡ್ಡಿಪೆಟ್ಟಿಗೆ ತೆಗೆದು, ಹೊಕ್ಕ ಕಡೆಯಿಂದಲೇ ಹೊರಬಂದು, ಹಿಂಬದಿಯಲ್ಲೇ ಐದನೆಯದಕ್ಕೆ ಹೋಗಿ ಚಹಾಪುಡಿ, ತಿರುಗಿ ನಾಲ್ಕನೆಯದರಲ್ಲಿ ಮುಂದಕ್ಕೆ ಬರುತ್ತ ಅಗರಬತ್ತಿ, ಸೋಪು, ಮತ್ತೆ ಐದರ ಬಾಯಲ್ಲಿ ಉಪ್ಪು, ವಾಪಸ್ ಬರುವಾಗ ಎರಡರ ಬಾಯಲ್ಲಿ ಬಿಸ್ಕಿಟ್. ಓದುವಾಗಲೇ ತಲೆ ತಿರುಗುತ್ತದೆ. ಎರಡು ಅಡ್ಡದಾರಿಯ ಗೋದಾಮಿನಲ್ಲಿ ಅತಿ ಕಡಿಮೆ ದಾರಿಯನ್ನು ಕರಾರುವಾಕ್ಕಾಗಿ ಕಂಡುಹಿಡಿಯುವ ವಿಧಾನವನ್ನು ರಾಟ್ಲಿಫ್ ಮತ್ತು ರೋಸೆಂತಾಲ್ ಎಂಬ ಇಬ್ಬರು 1983ರಲ್ಲಿ ಅಮೆರಿಕದ ಆಪರೇಷನ್ಸ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಂಪ್ಯೂಟರಿಗೆ ಅದು ಈಗ ಕಷ್ಟದ ಕೆಲಸವೇ ಅಲ್ಲ. ಆದರೂ ಬಹಳಷ್ಟು ಗೋದಾಮುಗಳು ಎಸ್ ಆಕಾರವನ್ನೇ ಇಟ್ಟುಕೊಂಡಿವೆ. ಆರು ಮೀಟರ್ ಅಂದರೆ ಆರು ಸೆಕೆಂಡು. ಮುಂದೆ ಯಾವ ಕಡೆ ಅಂತ ನಿಂತು ಯೋಚಿಸುವುದರಲ್ಲೇ ಅದು ಹೋಗುತ್ತದೆ.

ಬಿಸ್ಕಿಟ್ ಮೇಲೆ ಉಪ್ಪು

ನಡಿಗೆ ಮಾತ್ರ ನೋಡಿ ಜೋಡಿಸಿದ ಪಟ್ಟಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. 112 ಮೀಟರಿನ ದಾರಿಯಲ್ಲಿ ಬಿಸ್ಕಿಟ್ ನಾಲ್ಕನೆಯದು, ಉಪ್ಪು ಎಂಟನೆಯದು. ಟ್ರಾಲಿಯಲ್ಲಿ ಬಿಸ್ಕಿಟ್ ಕೆಳಗೆ, ಉಪ್ಪಿನ ಚೀಲ ಮೇಲೆ. ಪಿಕರ್ ಆಗ ಎರಡರಲ್ಲಿ ಒಂದು ಮಾಡುತ್ತಾನೆ. ಬಿಸ್ಕಿಟ್ ಎತ್ತಿ ಪಕ್ಕಕ್ಕಿಟ್ಟು, ಉಪ್ಪು ಕೆಳಗಿಟ್ಟು, ಮತ್ತೆ ಬಿಸ್ಕಿಟ್ ಇಡುತ್ತಾನೆ. ಇಲ್ಲವೇ ಹಾಗೇ ಪೇರಿಸಿ ತರುತ್ತಾನೆ, ಅಂಗಡಿಯವರು ಪುಡಿಯಾದ ಬಿಸ್ಕಿಟ್ ವಾಪಸ್ ಕಳಿಸುತ್ತಾರೆ.

ಇದಕ್ಕೆ ಒಂದು ಪುಕ್ಕಟೆ ಪರಿಹಾರ ಇದೆ. ಅದೇ ದಾರಿಯನ್ನು ತಿರುಗಾ ನಡೆದರೂ ದೂರ 112 ಮೀಟರೇ. ಟೇಬಲ್ಲಿನಿಂದ ಮೊದಲು ನೇರವಾಗಿ ಐದನೇ ಓಣಿಗೆ ಹೋಗಿ ಉಪ್ಪು ತೆಗೆದರೆ ಅದು ಟ್ರಾಲಿಯ ತಳದಲ್ಲಿ ಕೂಡುತ್ತದೆ, ಬಿಸ್ಕಿಟ್ ಐದನೆಯದಾಗಿ ಮೇಲೆ ಬರುತ್ತದೆ. ಎಕ್ಸೆಲ್ಲಿನಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಆಯಿತು. ಆದರೆ ಆಗ ಉಪ್ಪಿನ ಭಾರವನ್ನು ಇಡೀ ಸುತ್ತು ತಳ್ಳಬೇಕು, ಅದು ಇನ್ನೊಂದು ಮಾತು. ಇಂಥ ತಿಕ್ಕಾಟ ದಿನಾ ಬರುತ್ತಿದ್ದರೆ ತಪ್ಪು ಪಟ್ಟಿಯದಲ್ಲ, ಸಾಮಾನು ಇಟ್ಟ ಜಾಗದ್ದು. ಉಪ್ಪು, ಸಕ್ಕರೆ, ಎಣ್ಣೆ ಡಬ್ಬಿಯಂಥ ಭಾರದ ಸಾಮಾನು ನಡಿಗೆ ಶುರುವಾಗುವ ಓಣಿಯಲ್ಲಿ, ಅದೂ ಸೊಂಟದ ಎತ್ತರದ ಖಾನೆಯಲ್ಲಿ ಇರಬೇಕು. ಹಗುರ, ಮುರಿಯುವ ಸಾಮಾನು ಕೊನೆಯ ಓಣಿಯಲ್ಲಿ. ಸೋಪು, ಅಗರಬತ್ತಿಯ ವಾಸನೆ ಚಹಾಪುಡಿಗೆ, ಬಿಸ್ಕಿಟ್ಟಿಗೆ ಹತ್ತುತ್ತದೆ. ಅವಕ್ಕೆ ಟ್ರಾಲಿಯಲ್ಲೇ ಬೇರೆ ಕ್ರೇಟ್ ಇಡಬೇಕು. ಇದನ್ನು ಯಾವ ಕ್ರಮವೂ ಸರಿಮಾಡೋದಿಲ್ಲ.

ಪಟ್ಟಿ ಕೆಟ್ಟಿದೆ ಅಂತ ಗೊತ್ತುಮಾಡಿಕೊಳ್ಳೋದು ಹೇಗೆ? ಓಣಿಯ ನಡುವೆ ನಿಂತು ವಾಪಸ್ ತಿರುಗುವ ಪಿಕರ್ ಕಂಡರೆ, ಟ್ರಾಲಿಯನ್ನು ಅಡ್ಡದಾರಿಯಲ್ಲಿ ಬಿಟ್ಟು ಕೈಯಲ್ಲೇ ಸಾಮಾನು ತರಲು ಓಡುವುದು ಕಂಡರೆ, ಹಳಬರು ಪಟ್ಟಿಯ ಕ್ರಮ ಬಿಟ್ಟು ತಮ್ಮದೇ ಕ್ರಮದಲ್ಲಿ ಹೋಗುವುದು ಕಂಡರೆ ಕಾರಣ ಹುಡುಕಬೇಕು. ಅವರು ಸೋಮಾರಿಗಳಲ್ಲ, ಪಟ್ಟಿಗೆ ಗೊತ್ತಿಲ್ಲದ ಏನೋ ಅವರಿಗೆ ಗೊತ್ತಿದೆ. ಬಹುತೇಕ ಸಲ ಸಿಗುವ ಕಾರಣ ಒಂದೇ: ಹಬ್ಬದ ಮುಂದೆ ಸ್ಟಾಕ್ ಹೆಚ್ಚು ಬಂದಾಗ ಸಾಮಾನನ್ನು ಬೇರೆ ಖಾನೆಗೆ ಸರಿಸಿರುತ್ತಾರೆ, ಪಟ್ಟಿಯಲ್ಲಿ ಹಳೆಯ ನಂಬರೇ ಉಳಿದಿರುತ್ತದೆ. ಖಾನೆ ಬದಲಿಸಿದವರೇ ಅದೇ ದಿನ ನಂಬರ್ ಬದಲಿಸುವ ರೂಢಿ ಇಲ್ಲದ ಗೋದಾಮಿನಲ್ಲಿ ಓಣಿ ಪ್ರಕಾರ ಜೋಡಿಸಿದ ಪಟ್ಟಿ ತಿಂಗಳೊಪ್ಪತ್ತಿನಲ್ಲಿ ನೆಚ್ಚಿಕೆ ಕಳೆದುಕೊಳ್ಳುತ್ತದೆ. ಒಂದು ಸಲ ಕಳೆದುಕೊಂಡರೆ ಎಲ್ಲರೂ ಮತ್ತೆ ತಲೆಯಲ್ಲೇ ಜೋಡಿಸಿಕೊಳ್ಳುತ್ತಾರೆ.

ಮೂರು ಅಂಗಡಿ, ಒಂದೇ ಸುತ್ತು

ಮೂರು ಅಂಗಡಿಗಳ ಆರ್ಡರನ್ನು ಒಂದೇ ಪಟ್ಟಿ ಮಾಡಿ, ಟ್ರಾಲಿಯಲ್ಲಿ ಮೂರು ಕ್ರೇಟ್ ಇಟ್ಟುಕೊಂಡು ಒಂದೇ ಸುತ್ತು ಹಾಕಿದರೆ ನಡಿಗೆ ಇನ್ನೂ ಇಳಿಯುತ್ತದೆ. ಆರೂ ಓಣಿ ಪೂರ್ತಿ ನಡೆದರೂ ಈ ಗೋದಾಮಿನಲ್ಲಿ 162 ಮೀಟರಿಗಿಂತ ಹೆಚ್ಚಾಗೋದಿಲ್ಲ. ಅಂದರೆ ಅಂಗಡಿಗೆ 54 ಮೀಟರ್. ಆದರೆ ಇಲ್ಲಿ ಅಪಾಯ ಅಂಗಡಿಯವರದು. ನವನಗರಕ್ಕೆ ಹೋಗಬೇಕಾದ ಶಾಂಪೂ ಸತ್ತೂರಿನ ಕ್ರೇಟಿಗೆ ಬಿದ್ದರೆ ಒಂದು ತಪ್ಪಿಗೆ ಎರಡು ಅಂಗಡಿ ಫೋನ್ ಮಾಡುತ್ತವೆ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ಕ್ರೇಟಿಗೆ ದೊಡ್ಡ ಅಕ್ಷರದ ಗುರುತು, ಪಟ್ಟಿಯ ಪ್ರತಿ ಸಾಲಿನಲ್ಲೂ ಅದೇ ಗುರುತು ಇರಬೇಕು. ಟೇಬಲ್ಲಿನಲ್ಲಿ ಇನ್ನೊಬ್ಬರು ಎಣಿಸಬೇಕು. ಅಷ್ಟು ಆಗದಿದ್ದರೆ ಒಂದೊಂದೇ ಆರ್ಡರ್ ತರೋದೇ ಲೇಸು.

ಉಳಿದ ಒಂದೂವರೆ ತಾಸು ಯಾರದು?

ಪಿಕರ್‌ಗಳು ಈ ಬದಲಾವಣೆಯನ್ನು ಯಾವಾಗಲೂ ಖುಷಿಯಿಂದ ಸ್ವಾಗತಿಸೋದಿಲ್ಲ. ಅದಕ್ಕೂ ಲೆಕ್ಕವಿದೆ. ಹಳೆಯ ಪಟ್ಟಿಯಲ್ಲಿ ಒಂದು ಸುತ್ತಿಗೆ ಸುಮಾರು 9.6 ನಿಮಿಷ, ಎಂಟು ತಾಸಿಗೆ 50 ಸುತ್ತು, ಸುತ್ತಿಗೆ ಎಂಟರಂತೆ 400 ಸಲ ಬಗ್ಗಿ ಎತ್ತಬೇಕು. ಹೊಸ ಪಟ್ಟಿಯಲ್ಲಿ ಸುತ್ತಿಗೆ 7.7 ನಿಮಿಷ. ಸುತ್ತುಗಳನ್ನು 50ಕ್ಕೇ ಬಿಟ್ಟರೆ ಉಳಿದ ಸಮಯದಲ್ಲಿ ರ‍್ಯಾಕ್ ತುಂಬುವುದು, ಎಣಿಕೆ, ಕೂತು ಚಹಾ ಕುಡಿಯುವುದು ಎಲ್ಲ ಆಗುತ್ತದೆ. ಸಾಹುಕಾರರು ಆ ಸಮಯವನ್ನೆಲ್ಲ ಹೊಸ ಆರ್ಡರಿನಿಂದ ತುಂಬಿದರೆ ಸುತ್ತು 62ಕ್ಕೆ ಹೋಗುತ್ತದೆ, ಎತ್ತುವುದು 400ರಿಂದ ಸುಮಾರು 500ಕ್ಕೆ. ನಡಿಗೆ ದಣಿವು ತಂದರೂ ಎರಡು ಎತ್ತುವಿಕೆಯ ನಡುವೆ ಸೊಂಟಕ್ಕೆ ಬಿಡುವು ಕೊಡುತ್ತಿತ್ತು. ಅದು ಹೋಗಿ ಬರೀ ಬಗ್ಗೋದು, ಎತ್ತೋದು ಉಳಿಯಿತು. ಕಾಲುನೋವು ಹೋಗಿ ಬೆನ್ನುನೋವು ಬಂತು ಅನ್ನುವ ದೂರು ಸುಮ್ಮನೆ ಬರೋದಿಲ್ಲ. ಗುರಿ ಏರಿಸುವುದಿದ್ದರೆ ಅದನ್ನು ಸುತ್ತಿನ ಲೆಕ್ಕದಲ್ಲಲ್ಲ, ಎತ್ತುವ ಸಾಲು ಮತ್ತು ತೂಕದ ಲೆಕ್ಕದಲ್ಲಿ ಕೂತು ಮಾತಾಡಬೇಕಾಗುತ್ತದೆ.

ಅಂಗಡಿಯವರ ಎರಡನೇ ಫೋನ್

ಅಂಗಡಿಯವರ ಕೈಯಲ್ಲೂ ಸ್ವಲ್ಪ ಇದೆ. ಆರ್ಡರ್ ಕೊಟ್ಟು ಅರ್ಧ ತಾಸಿನ ಮೇಲೆ, "ಒಂದ್ ಡಬ್ಬಿ ಚಹಾಪುಡಿ ಹಾಕ್ರಿ, ಹೇಳೂದು ಮರೆತಿದ್ದೆ" ಅಂತ ಎರಡನೇ ಫೋನ್ ಬರುವುದು ಎಲ್ಲ ಗೋದಾಮಿಗೂ ಗೊತ್ತು. ಟೇಬಲ್ಲಿನಿಂದ ಚಹಾಪುಡಿಯ ಖಾನೆಗೆ 30 ಮೀಟರ್, ಬರಲು 30. ಆ ಒಂದು ಡಬ್ಬಿಗೆ 60 ಮೀಟರ್, ಎಂಟು ಸಾಮಾನಿನ ಇಡೀ ಸುತ್ತಿನ ಅರ್ಧಕ್ಕಿಂತ ಹೆಚ್ಚು. ಪಟ್ಟಿ ಅಚ್ಚಾಗುವ ಮುಂಚೆ ಹೇಳಿದ್ದರೆ ಪಿಕರ್ ಹೇಗೂ ಐದನೇ ಓಣಿಯಲ್ಲಿ ಹಾಯುತ್ತಿದ್ದ, ಒಂದು ಮೀಟರೂ ಹೆಚ್ಚು ನಡೆಯಬೇಕಾಗಿರಲಿಲ್ಲ. ಕೆಲವು ಸಗಟು ವ್ಯಾಪಾರಿಗಳು ಇದಕ್ಕೇ ಬೆಳಗ್ಗೆ ಇಂತಿಷ್ಟು ಗಂಟೆಗೆ ಪಟ್ಟಿ ಮುಚ್ಚುತ್ತೇವೆ ಅಂತ ಹೇಳಿಬಿಡುತ್ತಾರೆ. ಆಮೇಲೆ ಬಂದದ್ದು ಮಧ್ಯಾಹ್ನದ ಸುತ್ತಿಗೆ, ಇಲ್ಲವೇ ಮರುದಿನದ ಗಾಡಿಗೆ.